ನಗೆತುಣುಕುಗಳ ನಡುವಿನ ಉಸಿರು

೨೦೨೨ನೆಯ ಇಸವಿ, ನನಗೆ ಆಗ ಐವತ್ತೊಂದು ವರ್ಷ. ತೀರ್ಥಹಳ್ಳಿಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದವನು ಸ್ವಯಂನಿವೃತ್ತಿ ಪಡೆದು ಆಗಷ್ಟೇ ಮನೆಗೆ ಬಂದಿದ್ದೆ. ಬಾಲ್ಯದ ಮೂವರು ಗೆಳೆಯರು ಸೇರಿ ಚಿಕ್ಕ ಚಿಕ್ಕ ಹಾಸ್ಯದ ವಿಡಿಯೋಗಳನ್ನು ಮಾಡಹೊರಟಾಗ, ಬರೆಯುವ ಕೆಲಸ ಸಹಜವಾಗಿಯೇ ನನ್ನ ಪಾಲಿಗೆ ಬಂತು. ಅವರಲ್ಲಿ ಒಬ್ಬನದು ರಿಪ್ಪನ್‌ಪೇಟೆಯಲ್ಲಿ ಹಳೆಯ ಫೋಟೋ ಸ್ಟುಡಿಯೋ. ಇನ್ನೊಬ್ಬ ಸಾಗರದ ಕಡೆ ಓಡುವ ಖಾಸಗಿ ಬಸ್ಸಿನ ಕಂಡಕ್ಟರ್. ಮೂರನೆಯವನು ಹೊಸನಗರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವನು. ಮೂರು ಊರಿನವರಿಗೂ ನಡುವೆ ಸಿಗುವುದೆಂಬ ಕಾರಣಕ್ಕೆ ಸ್ಟುಡಿಯೋವೇ ನಮ್ಮ ರಂಗಸ್ಥಳವಾಯಿತು.

ನಮ್ಮ ಬಳಿ ಇದ್ದ ಸಾಮಗ್ರಿ ಅತ್ಯಲ್ಪ: ಒಂದು ಮರದ ಕುರ್ಚಿ, ಮೈ ಒರೆಸುವ ಒಂದು ಬೈರಾಸು, ಒಂದು ಕೊಡೆ, ಒಂದು ಸ್ಟೀಲಿನ ಲೋಟ. ಬೈರಾಸು ಹೆಗಲ ಮೇಲಿದ್ದರೆ ಮಾವ, ತಲೆಗೆ ಸುತ್ತಿದರೆ ಕೂಲಿಯವನು, ಮಡಿಸಿ ಕಂಕುಳಲ್ಲಿ ಇಟ್ಟುಕೊಂಡರೆ ಪುರೋಹಿತ. ಮನೆಯಲ್ಲಿ ನೆಟ್‌ವರ್ಕ್ ಸಿಗುವ ಒಂದೇ ಒಂದು ಜಾಗದಲ್ಲಿ ಹೆಣ್ಣು ನೋಡಲು ಬಂದ ಬೀಗರನ್ನು ಕೂರಿಸಿಬಿಟ್ಟಿದ್ದರಿಂದ ಆಗುವ ಫಜೀತಿಯೇ ನಾನು ಬರೆದ ಮೊದಲ ತುಣುಕು. ಒಂದು ಕಾಗದದ ಒಂದೇ ಬದಿಯಲ್ಲಿ ಮುಗಿಯದ ತುಣುಕನ್ನು ನಾನು ಚಿತ್ರೀಕರಣಕ್ಕೆ ಒಯ್ಯುತ್ತಿರಲಿಲ್ಲ. ಕರ್ತೃ, ಕರ್ಮ, ಕ್ರಿಯಾಪದಗಳು ಸರಿಯಾಗಿ ಕೂತ ನನ್ನ ಸಂಭಾಷಣೆಯನ್ನು ಕಂಡಕ್ಟರ್ ಎರಡು ಸಲ ಓದಿ, ಕಾಗದವನ್ನು ಮಡಿಸಿ ಜೇಬಿಗಿಟ್ಟು, "ಮೇಷ್ಟ್ರೆ, ಇದು ಪರೀಕ್ಷೆಗೆ ಚೆನ್ನಾಗಿದೆ. ಈಗ ನಾ ಹೇಳ್ತೀನಿ ಕೇಳಿ" ಎನ್ನುತ್ತಿದ್ದ. ಅವನು ಹೇಳಿದ್ದೇ ವಿಡಿಯೋದಲ್ಲಿ ಉಳಿಯುತ್ತಿತ್ತು.

ಇದ್ದದ್ದು ಒಂದೇ ಫೋನು, ಒಂದು ಮುಕ್ಕಾಲಿ, ಅಂಗಿಗೆ ಸಿಕ್ಕಿಸುವ ಚಿಕ್ಕ ಮೈಕು. ಆದ್ದರಿಂದ ಮೊದಲು ಒಬ್ಬನ ಮಾತುಗಳನ್ನೆಲ್ಲ ತೆಗೆದು, ಆಮೇಲೆ ಫೋನನ್ನು ತಿರುಗಿಸಿಟ್ಟು ಇನ್ನೊಬ್ಬನ ಮಾತುಗಳನ್ನು ತೆಗೆಯುತ್ತಿದ್ದೆವು. ಹೀಗೆ ತೆಗೆದದ್ದನ್ನು ಕತ್ತರಿಸಿ ಜೋಡಿಸುವಾಗ ಎರಡು ಮಾತುಗಳ ನಡುವೆ ಏನೂ ಶಬ್ದವಿಲ್ಲದ ಖಾಲಿ ಜಾಗ ಉಳಿದರೆ, ನೋಡುವವನಿಗೆ ಕಿವಿ ಕಟ್ಟಿದಂತಾಗುತ್ತದೆ. ಯಾವ ಕೋಣೆಗೂ ಅದರದೇ ಆದ ಒಂದು ಮೌನವಿರುತ್ತದೆ. ಅದನ್ನೂ ಮುದ್ರಿಸಿಕೊಂಡು ಆ ಖಾಲಿ ಜಾಗಗಳ ಕೆಳಗೆ ಹಾಸಬೇಕು. ಇದನ್ನು ತಿಳಿದಾಗಿನಿಂದ ನಾನು ನಿಯಮ ಮಾಡಿಬಿಟ್ಟೆ: ಪ್ರತಿ ಚಿತ್ರೀಕರಣದ ಕೊನೆಗೆ ಫ್ಯಾನು ಆರಿಸಿ, ಎಲ್ಲರೂ ನಿಂತಲ್ಲೇ ಒಂದು ನಿಮಿಷ ಅಲುಗಾಡದೆ ನಿಲ್ಲಬೇಕು.

ಹಾಗೆ ನಿಲ್ಲಲಾಗದವನು ಅಂಗಡಿಯವನೊಬ್ಬನೇ. ಅವನಿಗೆ ಉಬ್ಬಸ. ಉಸಿರು ಬಿಡುವಾಗ ಕೊನೆಯಲ್ಲಿ ಸಣ್ಣದೊಂದು ಸಿಳ್ಳು ಬರುತ್ತಿತ್ತು, ದೂರದಲ್ಲಿ ಯಾರೋ ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿದ ಹಾಗೆ. ಆ ಒಂದು ನಿಮಿಷ ಅವನನ್ನು ಹೊರಗಿನ ಜಗಲಿಗೆ ಕಳಿಸುತ್ತಿದ್ದೆವು. ನಮ್ಮಲ್ಲಿ ನಿಜವಾದ ನಟ ಮಾತ್ರ ಅವನೇ. ಮುಖದ ಒಂದು ಗೆರೆಯೂ ಸಡಿಲವಾಗದಂತೆ ಕುರ್ಚಿಯಲ್ಲಿ ಕೂತು, ಒಳಗಿನ ಬಾಗಿಲ ಕಡೆ ತಿರುಗಿ, "ಏನೇ" ಎಂದು ಕರೆಯುತ್ತಿದ್ದ. ಒಳಗಿಂದ "ಬಂದೆ" ಎಂಬ ಉತ್ತರ ಬರುತ್ತಿತ್ತು. ಅವಳು ಮಾತ್ರ ಯಾವ ತುಣುಕಿನಲ್ಲೂ ಬರುತ್ತಿರಲಿಲ್ಲ. ಆ ದನಿ ಅವನ ಹೆಂಡತಿಯದೇ. ಕ್ಯಾಮೆರಾದ ಮುಂದೆ ಬರಲೊಲ್ಲದ ಅವರು ಕಪ್ಪು ಪರದೆಯ ಹಿಂದೆ ಸ್ಟೂಲಿನ ಮೇಲೆ ಕೂತು, ಆ ಒಂದು ಮಾತನ್ನು ಹೇಳಿ, ಅಂಗಡಿಗೆ ವಾಪಸ್ಸಾಗುತ್ತಿದ್ದರು. ನೋಡುವವರು ಕಾಯುತ್ತಿದ್ದದ್ದು ಆ "ಬಂದೆ"ಗಾಗಿ.

೨೦೨೪ರ ಮಳೆಗಾಲದ ಆರಂಭದಲ್ಲಿ ಅವನು ತೀರಿಕೊಂಡ. ಉಬ್ಬಸ ಹೆಚ್ಚಾಗಿ ಆಸ್ಪತ್ರೆಗೆ ಹೋದವನು ಮರಳಲಿಲ್ಲ.

ನಾವು ಎಲ್ಲವನ್ನೂ ನಿಲ್ಲಿಸಿದೆವು. ಮತ್ತೆ ಆರಂಭಿಸಿ ಎಂದವರು ಅವನ ಹೆಂಡತಿಯೇ. ದಸರೆ ಕಳೆದ ಮೇಲೆ ಒಂದು ಮಧ್ಯಾಹ್ನ, ಕಂಡಕ್ಟರನೊಬ್ಬನನ್ನೇ ಮಾವ ಮತ್ತು ಅಳಿಯ ಎರಡೂ ಆಗಿಸಿ ಒಂದು ತುಣುಕು ತೆಗೆದೆವು. ಎದುರಿನವನ ಮಾತನ್ನು ಫೋನಿನ ಪಕ್ಕದಲ್ಲಿ ನಿಂತು ನಾನು ಹೇಳುತ್ತಿದ್ದೆ. ಕೆಲಸ ಮುಗಿದಾಗ ಸ್ಟುಡಿಯೋದವನು ಫ್ಯಾನು ಆರಿಸಿದ. ಮೂವರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ಜಗಲಿಗೆ ಕಳಿಸಲು ಯಾರೂ ಇರಲಿಲ್ಲ. ಕಂಡಕ್ಟರ್, "ಇವತ್ತು ಬೇಡ ಮಾರಾಯ, ನನ್ನ ಹತ್ರ ಆಗಲ್ಲ" ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ. ನಾನೂ ಒತ್ತಾಯಿಸಲಿಲ್ಲ.

ಭಾನುವಾರ ವಿಡಿಯೋ ಹಾಕಿದೆವು. ಸೋಮವಾರ ಅಂಗಡಿಯವನ ಹೆಂಡತಿ ನನಗೆ ಫೋನು ಮಾಡಿದರು.

"ಮೇಷ್ಟ್ರೆ, ಅವರನ್ನ ಎಲ್ಲಿ ಕೂರಿಸಿದ್ರಿ?"

"ಯಾರನ್ನ?"

"ಇವರನ್ನ. ಉಸಿರು ಕೇಳ್ತಾ ಇದೆಯಲ್ಲ."

ನಾನು ಅದೇ ದಿನ ರಿಪ್ಪನ್‌ಪೇಟೆಗೆ ಹೋದೆ. ಸ್ಟುಡಿಯೋದವನು ಬಾಗಿಲು ಮುಂದೆ ಮಾಡಿ ನನಗೊಂದು ಹೆಡ್‌ಫೋನು ಕೊಟ್ಟ. ಮಾವ ಬೈಯುತ್ತಾನೆ, ಒಂದು ಕ್ಷಣದ ಬಿಡುವು, ಅಳಿಯ ತಡವರಿಸುತ್ತಾನೆ. ಆ ಬಿಡುವಿನಲ್ಲಿ ಯಾರೋ ಉಸಿರು ಬಿಟ್ಟರು. ಕೊನೆಯಲ್ಲಿ ಸಿಳ್ಳು. ನಾನು ಹೆಡ್‌ಫೋನು ತೆಗೆದು ಹಿಂತಿರುಗಿ ನೋಡಿದೆ. ಕೊಳ ಮತ್ತು ಹಂಸಗಳ ಚಿತ್ರವಿದ್ದ ಹಳೆಯ ಪರದೆ, ಅದರ ಮುಂದೆ ಖಾಲಿ ಕುರ್ಚಿ, ಕುರ್ಚಿಯ ಬೆನ್ನಿಗೆ ಬೈರಾಸು. ಮತ್ತೆ ಕೇಳಿದೆ. ಪ್ರತಿ ಬಿಡುವಿನಲ್ಲೂ ಅವನಿದ್ದ. ನಗು ಬರಬೇಕಾದ ಕಡೆಯಲ್ಲೆಲ್ಲ ನಮ್ಮ ಬೆನ್ನ ಹಿಂದೆ ಕೂತು, ಸರದಿಗಾಗಿ ಕಾಯುತ್ತಿದ್ದವನಂತೆ ಉಸಿರಾಡುತ್ತಿದ್ದ.

ಸ್ಟುಡಿಯೋದವನು ವಿಡಿಯೋ ನಿಲ್ಲಿಸಿದ. "ಅವತ್ತು ತೆಗ್ದಿದ್ದು ಬಿಟ್ಟು ಬೇರೆ ವಿಡಿಯೋ ಯಾವ್ದೂ ಹಾಕಿಲ್ಲ ಕಣೋ" ಎಂದ.

ಅಂದಿನ ಮೂಲ ಚಿತ್ರಿಕೆಗಳನ್ನು ಒಂದೊಂದಾಗಿ ಕೇಳಿದೆವು. ಯಾವುದರಲ್ಲೂ ಉಸಿರಿಲ್ಲ. ಮಾತು ಇದ್ದಲ್ಲಿ ಅವನಿಲ್ಲ, ಮಾತು ಇಲ್ಲದಲ್ಲಿ ಮಾತ್ರ ಇದ್ದಾನೆ ಎಂಬುದು ನನ್ನ ಗಮನಕ್ಕೆ ಬಂದದ್ದು ಆಗ.

"ಮೌನ ಯಾವುದು ಹಾಕಿದೆ?" ಎಂದು ಕೇಳಿದೆ.

ಅವನು ಫೈಲುಗಳ ಪಟ್ಟಿ ತೆರೆದ. ಅಂದು ನಾವು ಮೌನವನ್ನು ಮುದ್ರಿಸಿಯೇ ಇರಲಿಲ್ಲ. ಅದೇ ಕೋಣೆ ತಾನೆ ಎಂದು ಅವನು ಹಳೆಯ ಯಾವುದೋ ಮೌನವನ್ನು ಕೇಳಿ ನೋಡದೆ ಹಾಸಿದ್ದ. ಯಾವ ದಿನದ್ದೆಂದು ಹುಡುಕಿದೆವು. ಎರಡು ವರ್ಷದ ಹಿಂದೆ ಒಮ್ಮೆ, ಹೊರಗೆ ಎರಚಲು ಹೊಡೆಯುತ್ತಿದ್ದುದರಿಂದ ಅಂಗಡಿಯವನು ಜಗಲಿಗೆ ಹೋಗಲೊಪ್ಪದೆ, "ಇವತ್ತು ಉಸಿರು ಹಿಡ್ಕೊಂಡೇ ನಿಲ್ತೀನಿ ನೋಡು" ಎಂದು ಪಣ ತೊಟ್ಟು ಒಳಗೇ ನಿಂತಿದ್ದ. ಅಂದಿನದು.

ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ಆ ಮೌನವನ್ನು ತೆಗೆದು ವಿಡಿಯೋವನ್ನು ಮತ್ತೆ ಹಾಕುವುದೆಂದು ನಿಶ್ಚಯಿಸಿ, ಅವನ ಹೆಂಡತಿಗೆ ಹೇಳಿಬರಲು ಹೊಸನಗರಕ್ಕೆ ಹೋದೆ. ಅಂಗಡಿಯ ಶಟರು ಅರ್ಧಕ್ಕೆ ಇಳಿದಿತ್ತು. ವಿಡಿಯೋ ಬಂದಂದಿನಿಂದ ಅವರು ವ್ಯಾಪಾರ ಮಾಡಿಲ್ಲವೆಂದು ಪಕ್ಕದ ಅಂಗಡಿಯವರು ಹೇಳಿದರು. ಬಗ್ಗಿ ಒಳಗೆ ಹೋದೆ. ಮೊಳೆಯ ಡಬ್ಬಿಗಳ ನಡುವೆ ಅವರು ಕಿವಿಗೆ ಫೋನು ಒತ್ತಿ ಕೂತಿದ್ದರು. ಎದುರಿಗೆ ಅವನು ವ್ಯಾಪಾರಕ್ಕೆ ಕೂರುತ್ತಿದ್ದ ಕುರ್ಚಿ. ಅದರ ಪಕ್ಕದ ಸ್ಟೂಲಿನ ಮೇಲೆ ಒಂದು ಲೋಟ ಕಾಫಿ ಆರಿ ಕೆನೆಗಟ್ಟಿತ್ತು.

ನಾನು ಎಲ್ಲವನ್ನೂ ಕ್ರಮವಾಗಿ ವಿವರಿಸಿದೆ. ಅವರು ಕೊನೆಯವರೆಗೂ ಕೇಳಿಸಿಕೊಂಡರು.

"ಗೊತ್ತು ಮೇಷ್ಟ್ರೆ. ಸತ್ತವರು ನಿಮ್ಮ ವಿಡಿಯೋಕ್ಕೆ ಬರ್ತಾರೆ ಅನ್ನೋಷ್ಟು ದಡ್ಡಿ ಅಲ್ಲ ನಾನು. ಆದ್ರೆ ಕಡೇ ಬಿಡುವು ಇದೆಯಲ್ಲ, ಅಲ್ಲಿ ಕೇಳಿ. ಬಿಡೋ ಉಸಿರಲ್ಲ ಅದು, ತಗೊಳೋ ಉಸಿರು. ನನ್ನ ಕರಿಯೋಕೆ ಮುಂಚೆ ಹಾಗೇ ತಗೋತಿದ್ರು. ಅಲ್ಲಿಗೆ ಕತ್ತರಿಸಿಬಿಟ್ಟಿದೀರಿ. ಏನು ಹೇಳ್ದ್ರು ಅಂತ ಗೊತ್ತಾಗ್ದೆ ನಾನು ಇಲ್ಲಿಂದ ಏಳೋದು ಹೇಗೆ?"

ಆ ಎರಚಲಿನ ದಿನದ ಕತ್ತರಿಸದ ಮೂಲ ಸ್ಟುಡಿಯೋದವನ ಹಳೆಯ ಮೆಮೊರಿ ಕಾರ್ಡೊಂದರಲ್ಲಿ ಸಿಕ್ಕಿತು. ಮೂವರೂ ಕೂಡಿ ಕೇಳಿದೆವು. ಮೌನ, ಆ ಉಸಿರು, ಬಳಿಕ "ಕಟ್" ಎಂಬ ನನ್ನದೇ ದನಿ. ಕಂಡಕ್ಟರನ ನಗು. "ಒಂದು ನಿಮಿಷ ಉಸಿರು ಹಿಡಿಯೋಕಾಗಲ್ವೇನೋ ನಿಂಗೆ?" ಎಂದು ನಾನು. "ಹಿಡಿದೇ ಬಿಟ್ರೆ ಆಮೇಲೆ ನಿಮ್ಮ ಮಾವನ ಪಾತ್ರ ಯಾರು ಮಾಡ್ತಾರೆ?" ಎಂದು ಅವನು. ಅನಂತರ, ಪರದೆಯ ಕಡೆ ತಿರುಗಿರಬೇಕು, ದನಿ ಸ್ವಲ್ಪ ದೂರವಾಗುತ್ತದೆ:

"ಏನೇ. ಬಾ, ಮುಗೀತು."

ಅಷ್ಟೇ. ಉತ್ತರವಿಲ್ಲ. ಅಂದು ಅವರು ತಮ್ಮ ಮಾತು ಹೇಳಿ ಆಗಲೇ ಅಂಗಡಿಗೆ ಹೋಗಿಬಿಟ್ಟಿದ್ದರು.

ಕಂಡಕ್ಟರ್ ಎದ್ದು ನಿಂತ. "ಇದನ್ನ ಅವರಿಗೆ ಕೇಳಿಸ್ಬೇಡಿ. ನಮ್ಮಜ್ಜಿ ಹೇಳ್ತಿತ್ತು, ಸತ್ತವರು ಒಂದು ಸಲ ಕರೆದ್ರೆ ಓಗೊಡಬಾರ್ದು ಅಂತ. ಅವರ ಬಾಯಲ್ಲಿ ಬರೋ ಉತ್ತರ ಯಾವ್ದು ಗೊತ್ತಲ್ಲ ನಿಂಗೆ? ಅದೊಂದೇ ಮಾತು ಅವರಿಗೆ ನೀ ಬರ್ಕೊಟ್ಟಿದ್ದು."

ಅಂಥ ಮಾತುಗಳನ್ನು ತರಗತಿಯಲ್ಲಿ ಮೂವತ್ತು ವರ್ಷ ಅಲ್ಲಗಳೆದವನು ನಾನು. ಆದರೂ ಅರ್ಧ ಇಳಿದ ಶಟರು, ಆರಿದ ಕಾಫಿ ಕಣ್ಣೆದುರು ಬಂದವು. ಕೇಳಿಸಿದರೆ ಅವರು ಓಗೊಟ್ಟು ಹೋಗಿಬಿಟ್ಟಾರೆ ಎಂಬ ಅಂಜಿಕೆ; ಕೇಳಿಸದಿದ್ದರೆ ಆ ಕತ್ತರಿಸಿದ ಉಸಿರಿನ ಬಾಯಲ್ಲೇ ಕೂತು ಕರಗುತ್ತಾರೆ ಎಂಬುದು ಖಚಿತ. ಅವರನ್ನು ಸ್ಟುಡಿಯೋಕ್ಕೆ ಕರೆಸಿದೆವು, ಹಗಲಿನಲ್ಲಿ, ಮೂವರೂ ಜೊತೆಗಿರುವಂತೆ.

ಅವರು ಪರದೆಯ ಹಿಂದೆ ಹೋಗಲಿಲ್ಲ. ಅವನ ಕುರ್ಚಿಯಲ್ಲಿ ಕೂತು, ಬೈರಾಸನ್ನು ತೊಡೆಯ ಮೇಲೆ ಹಾಕಿಕೊಂಡು, ಹೆಡ್‌ಫೋನು ಬೇಡ, ಜೋರಾಗಿಯೇ ಹಾಕಿ ಎಂದರು. ಸ್ಟುಡಿಯೋದವನು ಫ್ಯಾನು ಆರಿಸಿ ಗುಂಡಿ ಒತ್ತಿದ. ಕೋಣೆಯ ಮೌನದೊಳಗೆ ಅದೇ ಕೋಣೆಯ ಹಳೆಯ ಮೌನ ತುಂಬಿಕೊಂಡಿತು. ಉಸಿರು ಯಾವ ಮೂಲೆಯಿಂದ ಬರುತ್ತಿದೆಯೆಂದು ತಿಳಿಯದಾಯಿತು. ಹಂಸಗಳ ಪರದೆ ಸ್ವಲ್ಪ ಅಲುಗಿತೆಂದು ಕಂಡಕ್ಟರ್ ಇಂದಿಗೂ ಹೇಳುತ್ತಾನೆ. ನಾನು ಅತ್ತ ನೋಡಲಿಲ್ಲ, ಅವರ ತುಟಿಗಳನ್ನೇ ನೋಡುತ್ತಿದ್ದೆ.

"ಏನೇ. ಬಾ, ಮುಗೀತು."

ಅವರ ತುಟಿ ತೆರೆಯಿತು. ಕಂಡಕ್ಟರ್ ನನ್ನ ತೋಳು ಹಿಡಿದ.

"ಈಗ ಬರಕ್ಕಾಗಲ್ಲ" ಎಂದರು ಅವರು, ಬಾಗಿಲ ಕಡೆ ನೋಡುತ್ತ, ಮುಖದ ಒಂದು ಗೆರೆಯೂ ಸಡಿಲವಾಗದಂತೆ. "ಅಂಗಡಿ ತೆಗೀಬೇಕು. ನೀವೇ ಸ್ವಲ್ಪ ಕಾಯಿರಿ."

ನಮ್ಮಲ್ಲಿ ಯಾರು ಮೊದಲು ನಕ್ಕರೋ ನೆನಪಿಲ್ಲ. ನಗು ಇಳಿದ ಮೇಲೆ ಅವರು ಬೈರಾಸನ್ನು ಮಡಿಸಿ ಕುರ್ಚಿಯ ಬೆನ್ನಿಗೆ ಹಾಕಿ, "ಹಳೇದನ್ನ ತೆಗೀರಿ. ಹೊಸದು ತಗೊಳಿ, ನಾನೂ ನಿಲ್ತೀನಿ" ಎಂದರು. ನಾಲ್ವರೂ ನಿಂತೆವು. ನಾನು ಕಟ್ ಎನ್ನುವವರೆಗೆ ಯಾರೂ ಅಲುಗಲಿಲ್ಲ. ಆ ಹೊಸ ಮೌನವನ್ನು ಸ್ಟುಡಿಯೋದವನು ಅಲ್ಲೇ ಹೆಡ್‌ಫೋನು ಹಾಕಿ ಮೊದಲಿಂದ ಕೊನೆಯವರೆಗೆ ಕೇಳಿ, ಏನೂ ಇಲ್ಲವೆಂದು ತಲೆಯಾಡಿಸಿದ. ಅವರು ಮುಂದಿನ ಬಸ್ಸಿಗೆ ಹೊಸನಗರಕ್ಕೆ ಹೋಗಿ ಶಟರನ್ನು ಪೂರ್ತಿ ಎತ್ತಿದರು. ನಾವು ಹಳೆಯ ವಿಡಿಯೋವನ್ನು ಅಳಿಸಿ, ಅವನ ಉಸಿರಿಲ್ಲದ ವಿಡಿಯೋವನ್ನು ಅದರ ಜಾಗದಲ್ಲಿ ಹಾಕಿದೆವು. ಅಂದು ಭಾನುವಾರ, ೨೦೨೪ನೆಯ ಇಸವಿ ನವೆಂಬರ್ ೧೭.