ಎಣ್ಣೆ ಕೈಗೆ ಅಳಿಸುತ್ತಿದ್ದ ಲೇಬಲ್ಲು

ಮೈಸೂರಿನ ಬೋಗಾದಿಯ ಬಾಡಿಗೆ ಮನೆಯಲ್ಲಿ ಕೂತು ನಾನು ಬಾಟಲಿ, ಡಬ್ಬಗಳಿಗೆ ಲೇಬಲ್ ವಿನ್ಯಾಸ ಮಾಡುತ್ತೇನೆ. ಮೊದಲೆಲ್ಲ ಕೆಲಸ ಬರುತ್ತಿದ್ದುದು ಫ್ರೀಲ್ಯಾನ್ಸರ್‌ಗಳ ಒಂದು ಆನ್‌ಲೈನ್ ಮಾರುಕಟ್ಟೆಯಿಂದ. ಅಲ್ಲಿ ಗಿರಾಕಿಯ ಫೋನ್ ನಂಬರ್ ಕೇಳುವ ಹಾಗಿಲ್ಲ, ನಮ್ಮದನ್ನು ಕೊಡುವ ಹಾಗೂ ಇಲ್ಲ. ಯಾರನ್ನು ಮೇಲೆ ತೋರಿಸಬೇಕೆಂಬ ನಿಯಮವನ್ನು ಅವರು ಬದಲಿಸಿದ್ದೇ ತಡ, ನನ್ನ ಹೆಸರು ಎಲ್ಲೋ ತಳಕ್ಕೆ ಹೋಯಿತು, ಕೆಲಸ ನಿಂತಿತು. ಉಳಿದದ್ದು ಒಂದೇ ದಾರಿ: ಜಗಳವಾಡಿ ಬಿಟ್ಟುಬಂದ ಪ್ರಿಂಟಿಂಗ್ ಪ್ರೆಸ್ಸಿಗೆ ವಾಪಸು ಹೋಗುವುದು. ಅಲ್ಲಿನ ಯಜಮಾನರು "ಬಂದ್ಯಾ? ಬಾ ಬಾ" ಎಂದು ನಗುವುದನ್ನು ನೆನೆಸಿಕೊಂಡರೇ ಮೈ ಉರಿಯುತ್ತಿತ್ತು. ಸತ್ತರೂ ಹೋಗೋದಿಲ್ಲ, ನನ್ನದೇ ವೆಬ್‌ಸೈಟ್ ಮಾಡಿಕೊಳ್ಳುತ್ತೇನೆ ಎಂದು ಹಟ ಹಿಡಿದೆ.

ಮಾಡಿದ ಕೆಲಸ ಒಂದೊಂದಕ್ಕೂ ಒಂದು ಪುಟ. ವಿನ್ಯಾಸದವರ ಸೊಕ್ಕು ನೋಡಿ: ಅಕ್ಷರಗಳೂ ನಾನು ಹೇಳಿದಂತೆಯೇ ಕಾಣಬೇಕೆಂದು ಬರಹವನ್ನೆಲ್ಲ ಚಿತ್ರದೊಳಗೇ ಸೇರಿಸಿ, ಪ್ರತಿ ಪುಟವನ್ನೂ ಒಂದು ದೊಡ್ಡ ಪೋಸ್ಟರ್ ಮಾಡಿ ಹಾಕಿದೆ. ಎಷ್ಟು ಚೆಂದ ಇತ್ತು! ತಿಂಗಳುಗಳು ಕಳೆದರೂ ಒಂದು ನರಪಿಳ್ಳೆ ಇಣುಕಲಿಲ್ಲ. ಸರ್ಚ್ ಎಂಜಿನ್‌ನವರು ಸೈಟಿನ ಮಾಲೀಕರಿಗೆ ಪುಕ್ಕಟೆ ಕೊಡುವ ಸಾಧನವೊಂದಿದೆ, ಜನ ಏನು ಹುಡುಕಿದಾಗ ನಮ್ಮ ಪುಟ ಕಂಡಿತೆಂದು ತೋರಿಸುತ್ತದೆ. ಅದರಲ್ಲಿದ್ದುದು ನನ್ನ ಹೆಸರು ಮಾತ್ರ. ಹುಡುಕಿದವಳೂ ಬಹುಶಃ ನಾನೇ.

ಆಮೇಲೆ ಓದಿ ತಿಳಿದುಕೊಂಡೆ. ಸರ್ಚ್ ಎಂಜಿನ್ನಿನ ಪಾಲಿಗೆ ನನ್ನ ಪುಟ ಹೆಚ್ಚುಕಡಿಮೆ ಖಾಲಿ ಹಾಳೆ; ಚಿತ್ರದೊಳಗಿನ ಮಾತು ಪುಟದ ಮಾತಾಗುವುದಿಲ್ಲ. ಮೊಬೈಲಿನಲ್ಲಂತೂ ಆ ಭಾರದ ಚಿತ್ರ ತೆರೆದುಕೊಳ್ಳುವಷ್ಟರಲ್ಲಿ, ಯಾರಾದರೂ ಬಂದಿದ್ದರೂ ಎದ್ದು ಹೋಗಿರುತ್ತಿದ್ದರು. ಹೋಗಲಿ, ಬರೆದದ್ದಾದರೂ ಏನು? "ಸೊಗಸಾದ, ಸಮಕಾಲೀನ ವಿನ್ಯಾಸ". ಯಾವ ಪುಣ್ಯಾತ್ಮ ಅದನ್ನು ಹುಡುಕುತ್ತಾನೆ? ಜನ ಹುಡುಕುವುದು ತಮ್ಮ ತೊಂದರೆಯನ್ನು. ಹಾಗಾಗಿ ಗಿರಾಕಿಗೆ ಏನು ತೊಂದರೆಯಿತ್ತು, ನಾನೇನು ಮಾಡಿದೆ, ಕೊನೆಗೆ ಏನಾಯಿತು ಎಂದು ಬಿಡಿಸಿ ಬರೆಯಬೇಕಿತ್ತು.

ನನ್ನ ಕೆಲಸಗಳಲ್ಲೆಲ್ಲ ಒಳ್ಳೆಯದು ಅಗ್ರಹಾರದ ಉಪ್ಪಿನಕಾಯಿ ಅಂಗಡಿಯದು. ಅದನ್ನು ನಡೆಸುವ ಅಮ್ಮನವರು ಆ ಆನ್‌ಲೈನ್ ಮಾರುಕಟ್ಟೆಯ ಮೂಲಕ ಬಂದವರಲ್ಲ, ಪ್ರೆಸ್ಸಿನ ಕಾಲದಿಂದ ಪರಿಚಯ. ಅವರ ಬಾಟಲಿಯ ಕಾಗದದ ಲೇಬಲ್ಲಿಗೆ ಎಣ್ಣೆ ತಾಗಿ ಅಕ್ಷರವೆಲ್ಲ ಅಳಿಸುತ್ತಿತ್ತು. ನಾನು ಪ್ಲಾಸ್ಟಿಕ್ ಸ್ಟಿಕರಿನ ಮೇಲೆ ಅಚ್ಚು ಹಾಕಿಸಿ, ಮೇಲೊಂದು ಲ್ಯಾಮಿನೇಷನ್ ಮಾಡಿಸಿ ಸರಿಪಡಿಸಿದ್ದೆ. ಇದನ್ನು ಬರೆಯಲೇ ಎಂದು ಕೇಳಲು ಹೋದೆ.

"ಏನಂತ ಬರೀತೀಯಾ?" ಎಂದರು.

"ಎಣ್ಣೆಗೆ ಲೇಬಲ್ ಅಳಿಸ್ತಿತ್ತು ಅಂತ."

"ಅಯ್ಯೋ ರಾಮ! ನನ್ನ ಬಾಟ್ಲಿ ಗಲೀಜಾಗ್ತಿತ್ತು ಅಂತ ಊರಿಗೆಲ್ಲ ಸಾರ್ತೀಯಾ? ಚೆನ್ನಾಗಿದೆ ಕಣಮ್ಮ ನಿನ್ನ ಉಪಕಾರ!"

"ತೊಂದರೆ ಹೇಳದೆ ಹೋದ್ರೆ ನಾನು ಮಾಡಿದ್ದೇನು ಅಂತ ಯಾರಿಗೆ ಗೊತ್ತಾಗುತ್ತೆ ಅಮ್ಮ?" ನನ್ನ ದನಿಯೂ ಏರಿತು. ಎದ್ದುಬಂದುಬಿಡುತ್ತಿದ್ದೆ, ಪ್ರೆಸ್ಸಿನ ಯಜಮಾನರ ನಗು ಕಣ್ಣೆದುರು ಬಂತು, ಕೂತೆ. ಕೆಲಸವಿಲ್ಲ, ಇದೊಂದೇ ದಾರಿ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅವರು ಕೈಯಲ್ಲಿದ್ದ ಬಾಟಲಿಯನ್ನು ಒರೆಸಿ ಪಕ್ಕಕ್ಕಿಟ್ಟು, "ಬರ್ಕೊ ಹೋಗು. ಹೆಸ್ರು ಮಾತ್ರ ಬರ್ಕೂಡದು" ಎಂದರು.

"ಮೈಸೂರಿನ ಒಬ್ಬ ಉಪ್ಪಿನಕಾಯಿ ತಯಾರಕರು" ಎಂದೇ ಬರೆದೆ. ಪುಟದ ಶೀರ್ಷಿಕೆ: ಎಣ್ಣೆಗೆ ಅಳಿಸದ ಉಪ್ಪಿನಕಾಯಿ ಲೇಬಲ್. ಬರಹವನ್ನು ಬರಹವಾಗಿಯೇ ಹಾಕಿ, ಚಿತ್ರಗಳನ್ನು ಹಗುರ ಮಾಡಿ, ಅವುಗಳಲ್ಲಿ ಏನಿದೆ ಎಂದು ಒಂದೊಂದು ಸಾಲು ಸೇರಿಸಿ, ಕೊನೆಗೆ ನನ್ನ ಫೋನ್ ನಂಬರ್ ಕೊಟ್ಟೆ. ಇಂಗ್ಲಿಷಿನಲ್ಲೂ ಅದೇ ಪುಟ ಬರೆದೆ. ಕೂಡಲೇ ಏನೂ ಆಗಲಿಲ್ಲ. ವಾರಗಳು ಕಳೆದ ಮೇಲೆ ಆ ಸಾಧನದಲ್ಲಿ ನನ್ನ ಹೆಸರಲ್ಲದ ಮಾತುಗಳು ಕಾಣತೊಡಗಿದವು: ಲೇಬಲ್ ಅಳಿಸುವುದು, ಎಣ್ಣೆ ಬಾಟಲಿ ಸ್ಟಿಕರ್.

ಒಂದು ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದಾಗ ಫೋನ್ ಬಂತು. ತುಮಕೂರಿನ ಕಡೆಯ ಹೆಂಗಸು, ಮನೆಯಲ್ಲೇ ಗಾಣದೆಣ್ಣೆ ಮಾರುವವರು. "ನೀವು ಬರ್ದಿದ್ದು ಓದ್ದೆ ಕಣ್ರೀ. ನಮಗೊಬ್ರಿಗೇ ಹಿಂಗಾಗೋದು ಅಂದ್ಕೊಂಡು ಯಾರಿಗೂ ಹೇಳಿರ್ಲಿಲ್ಲ. ಆ ಉಪ್ಪಿನ್ಕಾಯಿ ಅಮ್ಮಂಗೆ ನನ್ನ ನಮಸ್ಕಾರ ಹೇಳಿ." ಕೆಲಸ ಕೊಟ್ಟರು. ದೋಸೆ ಸೀದುಹೋಗಿತ್ತು, ನಾನು ಒಲೆಯ ಮುಂದೆ ನಿಂತು ಅಳುತ್ತಿದ್ದೆ. ಎಷ್ಟೋ ವರ್ಷದಿಂದ ಹೊಸ ಗಿರಾಕಿಯೊಬ್ಬರ ದನಿಯನ್ನೇ ಕೇಳಿರಲಿಲ್ಲ.

ಅವತ್ತೇ ಅಗ್ರಹಾರಕ್ಕೆ ಹೋಗಿ ನಮಸ್ಕಾರ ತಲುಪಿಸಿದೆ. ಅಮ್ಮನವರು ಆಕೆ ಹೇಳಿದ್ದನ್ನು ಎರಡು ಸಲ ಹೇಳಿಸಿಕೊಂಡರು.

"ಹಂಗಾದ್ರೆ ಹೆಸ್ರು ಹಾಕ್ಬುಡು" ಎಂದರು.

"ಅಂಗಡಿ ಹೆಸರಾ ಅಮ್ಮ?"

"ಅದು ನಮ್ಮ ಮಾವನೋರ ಹೆಸ್ರು. ನಲವತ್ತು ವರ್ಷದಿಂದ ಉಪ್ಪಿನ್ಕಾಯಿ ಹಾಕ್ತಿರೋಳು ನಾನು. ನಂದು ಹಾಕು."