ಲಿಫ್ಟಿಗೆ ಇಬ್ಬರು

ಮ್ಯಾನೇಜರ್ ಅಂದು ನಕ್ಕನೋ, ಆ ನಗುವನ್ನು ಆಮೇಲೆ ನಾನೇ ಸೇರಿಸಿಕೊಂಡೆನೋ, ಖಚಿತವಿಲ್ಲ. ಬಳ್ಳಾರಿಯಲ್ಲಿ ನಾನಿರುವ ಅಪಾರ್ಟ್‌ಮೆಂಟಿನ ಲಿಫ್ಟ್ ನಿರ್ವಹಣೆ ಮತ್ತು ತುರ್ತು ರಕ್ಷಣೆಯ ಸೂಚನೆಗಳನ್ನು ಟೆಕ್ನಿಷಿಯನ್ನರಿಗಾಗಿ ಕನ್ನಡಕ್ಕೆ ತಂದಿದ್ದೆ. ಲಿಫ್ಟ್ ನಡುವೆ ನಿಂತರೆ ಮೊದಲು ಮೇನ್ ಸ್ವಿಚ್ ಆರಿಸಬೇಕು. ಆಮೇಲೆ ಮೆಷಿನ್ ರೂಮಿನಲ್ಲಿ ಒಬ್ಬ ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು, ಇನ್ನೊಬ್ಬ ಚಕ್ರ ತಿರುಗಿಸಿ ಲಿಫ್ಟನ್ನು ಮಹಡಿಯ ಮಟ್ಟಕ್ಕೆ ತರಬೇಕು.

“ಇಬ್ಬರು ಅನ್ನೋದು ತೆಗೀರಿ ಸರ, ಪಾಳಿಗೆ ಇರಾವ ಒಬ್ಬನ,” ಎಂದ ಮ್ಯಾನೇಜರ್.

“ನನಗೇನ್ ನಾಕ್ ಕೈ ಅದಾವೇನ್ರಿ?” ಎಂದ ಕುರುಗೋಡಿನ ಟೆಕ್ನಿಷಿಯನ್.

ನಾನು ತೆಗೆಯಲಿಲ್ಲ.

ಕೆಲವು ವಾರಗಳ ನಂತರ, ನಮ್ಮ ಅಪಾರ್ಟ್‌ಮೆಂಟಿನಲ್ಲಿರುವ ತಮ್ಮ ಮಗಳ ಮನೆಗೆ ಬಂದಿದ್ದ ಸಿರುಗುಪ್ಪದ ಅಜ್ಜಿಯೊಬ್ಬರು ಲಿಫ್ಟಿನಲ್ಲಿ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡರು. ಟೆಕ್ನಿಷಿಯನ್ ಸ್ವಿಚ್ ಆರಿಸಿ, ಲಿಫ್ಟ್ ಕಂಪನಿಯವನಿಗೆ ಫೋನ್ ಮಾಡಿ, ಬಾಗಿಲ ಬಳಿ ನಿಂತ.

“ಅವ್ವಾ, ಇನ್ನೊಬ್ಬಾತ ಬರತಾನ. ಬಾಗಿಲಕ್ಕ ಆನಬ್ಯಾಡ್ರಿ.”

ಅಜ್ಜಿಯ ಅಳಿಯ ಕೂಗಾಡಿದ: “ಲೇ, ಕೀಲಿ ಕೈಯಾಗೈತಿ, ಬಾಗಿಲ ತಗಿಯಾಕ ಮುಹೂರ್ತ ಬೇಕೇನಲೇ?”

ನಡುವೆ ನಿಂತ ಲಿಫ್ಟಿನಿಂದ ಇಳಿಯುವಾಗ ಕೆಳಗಿನ ಗುಂಡಿಗೆ ಬೀಳಬಹುದು. ಟೆಕ್ನಿಷಿಯನ್ ಬಾಗಿಲು ತೆಗೆಯಲಿಲ್ಲ. ಎರಡನೆಯವನು ಬಂದ ಮೇಲೆ ಲಿಫ್ಟನ್ನು ಮಟ್ಟಕ್ಕೆ ತಂದು ಅಜ್ಜಿಯನ್ನು ಹೊರಗೆ ಕರೆತಂದರು.

ಮಾರನೆಯ ವಾರ ಮ್ಯಾನೇಜರ್ ಕುರುಗೋಡಿನವನನ್ನು ಕೆಲಸದಿಂದ ತೆಗೆದ. ತಡ ಮಾಡಿದ್ದರಿಂದ ಅಜ್ಜಿಯ ಕೈಗೆ ಪೆಟ್ಟಾಯಿತಂತೆ. ಎಲ್ಲರೂ ಹಾಗೇ ಹೇಳತೊಡಗಿದಾಗ, ಪಟ್ಟಿ ಕಟ್ಟಿದ ಕೈಯನ್ನು ನಾನೂ ಕಂಡಂತೆ ಅನಿಸತೊಡಗಿತು. ಈಗಿನವನು ಒಬ್ಬನೇ ಎಲ್ಲವನ್ನೂ ಮಾಡುತ್ತಾನೆ, ಚುರುಕಿನವನೆಂದು ಹೊಗಳುತ್ತಾರೆ.

ಆಮೇಲೆ ಸಿರುಗುಪ್ಪಕ್ಕೆ ಹೋಗಿ ಅಜ್ಜಿಯನ್ನೇ ಕೇಳಿದೆ. ಅವರ ಕೈಗೆ ಅಂದು ಒಂದು ಗೀರೂ ಆಗಿರಲಿಲ್ಲ.