ಚಿಕ್ಕೋನ ಮೆಸೇಜು

ನನ್ನ ಗಂಡನ ಹುಟ್ಟಿದ ದಿನ ಯಾವಾಗ ಅಂತ ನನಗೆ ಮದುವೆಯಾಗಿ ಹತ್ತೊಂಬತ್ತು ವರ್ಷದ ಮೇಲೆ ಗೊತ್ತಾಯಿತು. ಅದೂ ನನ್ನ ಮೈದುನನ ಮೆಸೇಜಿನಿಂದ. ಹೇಳಿಕೊಂಡರೆ ನಾಚಿಕೆ, ಹೇಳದಿದ್ದರೆ ಹೊಟ್ಟೆ ಉರಿ. ಹಾಗಾಗಿ ಹೇಳಿಯೇ ಬಿಡುತ್ತೇನೆ.

ನನ್ನವರು ಲಿಫ್ಟ್ ಮೆಕ್ಯಾನಿಕ್. ನಾನು ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡವಳು. ಪ್ಯಾಂಟು ಗಿಡ್ಡ ಮಾಡುವುದು, ಜಿಪ್ಪು ಹಾಕುವುದು, ಸೊಂಟ ಬಿಡಿಸುವುದು. ಆ ದಿನ ಅವರು ಫೋನನ್ನು ಚಾರ್ಜಿಗೆ ಹಾಕಿ ಅಲ್ಲೇ ಮರೆತು ಕೆಲಸಕ್ಕೆ ಹೋಗಿದ್ದರು. ಮಧ್ಯಾಹ್ನ ಹನ್ನೆರಡು ದಾಟಿ ಹತ್ತು ನಿಮಿಷ. ಫೋನು ಒಮ್ಮೆ ಗುಂಯ್ ಅಂದಿತು. ಬಗ್ಗಿ ನೋಡಿದೆ.

"ಚಿಕ್ಕೋನು" ಅಂತ ಹೆಸರು. ಕೆಳಗೆ: "ಅಣ್ಣಾ, ಇವತ್ತಿಗೆ ನಿನಗೆ ಐವತ್ತು ತುಂಬ್ತು. ಚೆನ್ನಾಗಿರು."

ಆರು ವರ್ಷ ಮಾತಿಲ್ಲ ಕತೆಯಿಲ್ಲ, ಆ ಹೆಸರನ್ನು ಇವರು ಅಳಿಸಿಯೇ ಇರಲಿಲ್ಲ! ಅದೇ ಮೊದಲ ಉರಿ. ಎರಡನೆಯದು, ಐವತ್ತು ಅಂದರೇನು? ಎರಡು ತಿಂಗಳ ಹಿಂದೆಯಷ್ಟೇ ಇವರಿಗೆ ನಲವತ್ತೊಂಬತ್ತು ಅಂತ ನಾನೇ ಕೈಯಾರೆ ತಿಳಿನೀಲಿ ಶರಟು ಹೊಲಿದು ಕೊಟ್ಟಿದ್ದೆ. ಇವರು ಹಲ್ಲು ಕಿರಿದು ಹಾಕಿಕೊಂಡಿದ್ದರು.

ಕೋಪದಲ್ಲಿ ಮೆಸೇಜನ್ನು ಒತ್ತಿಬಿಟ್ಟೆ. ಅದು ಪೂರ್ತಿ ತೆರೆದುಕೊಂಡಿತು. ಅದರ ಮೇಲೆ ಆರು ವರ್ಷ ಹಳೆಯ ಒಂದು ಸಾಲು ಹಾಗೇ ಕೂತಿತ್ತು: "ಅಣ್ಣಾ ಫೋನ್ ಎತ್ತು." ಅಷ್ಟರಲ್ಲಿ ನನ್ನ ತಪ್ಪು ಹೊಳೆಯಿತು. ಮೇಲಿನಿಂದಲೇ ಓದಿ ಸುಮ್ಮನಿದ್ದರೆ ಆಗುತ್ತಿತ್ತು. ಈಗ ನಾನು ತೆರೆದದ್ದರಿಂದ ಅವನ ಫೋನಿನಲ್ಲಿ ಎರಡು ಗೆರೆ ನೀಲಿಯಾಗಿರುತ್ತದೆ. ಅಣ್ಣ ಓದಿದ ಅಂತ ಅವನಿಗೆ ಗೊತ್ತಾಗಿಹೋಯಿತು. ಅಣ್ಣನೋ, ಎಲ್ಲೋ ಲಿಫ್ಟಿನ ನೆತ್ತಿಯ ಮೇಲೆ ನಿಂತು ಗ್ರೀಸು ಹಚ್ಚುತ್ತಿದ್ದ.

ಓದಿಲ್ಲ ಅಂತ ಗುರುತು ಹಾಕುವ ದಾರಿಯೊಂದಿದೆ, ನನಗೆ ಗೊತ್ತು. ಹಾಕಿದೆ. ಅದರಿಂದ ನಮ್ಮ ಫೋನಿನಲ್ಲಿ ಒಂದು ಚುಕ್ಕೆ ಬರುತ್ತದೆ, ಅಷ್ಟೇ. ಅವನ ಕಡೆ ನೀಲಿಯಾದದ್ದು ನೀಲಿಯೇ.

ಇವರ ಜಗಳ ಏನು ಅಂತ ಹೇಳಬೇಕು. ಮೊದಲು ಇಬ್ಬರೂ ಜೋಡಿಯಾಗಿಯೇ ಲಿಫ್ಟು ಕೆಲಸ ಮಾಡುತ್ತಿದ್ದರು. ಒಬ್ಬ ಮೇಲೆ ಯಂತ್ರದ ಕೋಣೆಯಲ್ಲಿ, ಇನ್ನೊಬ್ಬ ಕೆಳಗೆ, ಲಿಫ್ಟಿನ ತಳದ ಗುಂಡಿಯಲ್ಲಿ. ಅತ್ತೆ ತೀರಿಕೊಂಡ ದಿನ ಮೈದುನ ಆಸ್ಪತ್ರೆಯಲ್ಲಿದ್ದ, ಇವರು ಲಿಫ್ಟು ಓಡಾಡುವ ಬಾವಿಯೊಳಗೆ. ಅಲ್ಲಿ ಸಿಗ್ನಲ್ ಸಿಗುವುದಿಲ್ಲ. ಅವನು ಹನ್ನೊಂದು ಸಲ ಫೋನ್ ಮಾಡಿದ್ದ. ಇವರು ಹೊರಗೆ ಬಂದು ನೋಡಿ ಓಡಿಹೋಗುವಷ್ಟರಲ್ಲಿ ಅವನು ಅಂತ್ಯಕ್ರಿಯೆಯನ್ನೂ ಮುಗಿಸಿಬಿಟ್ಟಿದ್ದ. ತಾಯಿಯ ಮುಖ ಸಿಗಲಿಲ್ಲ. "ಎರಡು ಗಂಟೆ ಕಾಯೋಕಾಗ್ಲಿಲ್ವಾ ನಿನಗೆ?" ಅಂತ ಇವರು. "ಹನ್ನೊಂದು ಸಲದಲ್ಲಿ ಒಂದು ಸಲ ಹೊರಗೆ ಬರೋಕಾಗ್ಲಿಲ್ವಾ?" ಅಂತ ಅವನು. ಅಲ್ಲಿಗೆ ಇಬ್ಬರ ಬಾಯಿಗೂ ಬೀಗ ಬಿತ್ತು.

ನಾನು ಅತ್ತೆಗಾಗಿ ಅತ್ತೆ, ನಿಜವಾಗಿಯೇ ಅತ್ತೆ. ಆದರೆ ಜಗಳಕ್ಕೆ ಅಳಲಿಲ್ಲ. ಅದಕ್ಕೂ ಮುಂಚಿನ ಹದಿಮೂರು ವರ್ಷ ಅವನು ದಿನಾ ಸಂಜೆ ನಮ್ಮ ಮನೆಯಲ್ಲೇ ಠಿಕಾಣಿ. ಇಬ್ಬರೂ ಕೂತು ಅರ್ಧ ಮಾತಿಗೇ ಬಿದ್ದು ಬಿದ್ದು ನಗುವರು, ಏನು ಅಂತ ಕೇಳಿದರೆ "ನಿನಗೆ ಅರ್ಥ ಆಗಲ್ಲ ಬಿಡೇ" ಎನ್ನುವರು. ಇವರಿಗೆ ಸಂಬಳ ಹೆಚ್ಚಾದ ಸುದ್ದಿ ನನಗೆ ಹೇಳಿದ್ದೇ ಅವನು. ಅವನು ಬರುವುದು ನಿಂತಾಗ, ಸದ್ಯ, ಗಂಡ ನನ್ನ ಪಾಲಿಗೆ ಬಂದ ಅಂದುಕೊಂಡೆ. ಬಂದರು ನಿಜ. ಬಂದು ಗೋಡೆ ನೋಡಿಕೊಂಡು ಕೂತರು.

ಫೋನು ಕೈಯಲ್ಲಿತ್ತು. ಹೆಸರಿನ ಕೆಳಗೆ "ಆನ್‌ಲೈನ್" ಅಂತ ಬಂತು. ಆಮೇಲೆ "ಟೈಪ್ ಮಾಡುತ್ತಿದ್ದಾರೆ". ಆಮೇಲೆ ಏನೂ ಇಲ್ಲ. ಏನೋ ಬರೆಯಲು ಹೋಗಿ ಅಳಿಸಿದ.

ಅಳಿಸಿಬಿಡೋಣ ಅನ್ನಿಸಿತು. ಸುಳ್ಳೇಕೆ ಹೇಳಲಿ? ಮೆಸೇಜಿನ ಮೇಲೆ ಬೆರಳು ಒತ್ತಿ ಹಿಡಿದೆ. "ನನಗೆ ಮಾತ್ರ ಅಳಿಸು" ಅಂತ ಕೇಳಿತು. ಅಳಿಸಿದರೆ ಇವರಿಗೆ ಎಂದೂ ಗೊತ್ತಾಗುವುದಿಲ್ಲ. ಅವನ ಕಡೆ ಮಾತ್ರ ನೀಲಿ ಗೆರೆ ಉಳಿಯುತ್ತದೆ, ಓದಿಯೂ ಉತ್ತರ ಕೊಡದ ಅಣ್ಣನಾಗಿ ಇವರು ಉಳಿಯುತ್ತಾರೆ. ಇನ್ನೊಂದು ಸಲ ಅವನು ಬರೆಯುವುದಿಲ್ಲ, ಅಷ್ಟು ಸ್ವಾಭಿಮಾನ ಅವನಿಗೂ ಇದೆ. ಒಂದು ಬೆರಳಿನ ಕೆಲಸ.

ಬೆರಳು ತೆಗೆದೆ. ಒಳ್ಳೆಯತನ ಅಂದುಕೊಳ್ಳಬೇಡಿ, ಎಂದಾದರೂ ಸಿಕ್ಕಿಬಿದ್ದರೆ ಅನ್ನುವ ಹೆದರಿಕೆ.

ಹೋಗಲಿ, ಇವರ ಪರವಾಗಿ ನಾನೇ ಒಂದು ಸಾಲು ಬರೆಯೋಣ ಅಂತ "ಥ್ಯಾಂಕ್ಸ್" ಅಂತ ಒತ್ತಿದೆ. ಅಣ್ಣ ತಮ್ಮನಿಗೆ ಥ್ಯಾಂಕ್ಸ್ ಅನ್ನುತ್ತಾನೆಯೇ? ಅಳಿಸಿದೆ. "ನೆನಪಿಟ್ಟಿದ್ದೀಯಲ್ಲ" ಅಂತ ಬರೆದೆ. ಅದನ್ನು ಬರೆಯುವಾಗಲೇ ಮೈ ಉರಿಯಿತು. ಅಳಿಸಿದೆ. "ಯಾವ ಐವತ್ತೋ, ಯಾರಿಗೋ?" ಅಂತ ಬರೆದೆ. ಅದಂತೂ ನಾನೇ, ಅಚ್ಚುಕಟ್ಟಾಗಿ ನಾನೇ. ಅಳಿಸಿದೆ. ಆಗ ಹೊಳೆಯಿತು, ನಾನು ಒತ್ತಿದಾಗೆಲ್ಲ ಅವನಿಗೆ ಅಲ್ಲಿ "ಟೈಪ್ ಮಾಡುತ್ತಿದ್ದಾರೆ" ಅಂತ ಕಾಣಿಸುತ್ತಿರುತ್ತದೆ. ಅಯ್ಯೋ ನನ್ನ ಬುದ್ಧಿಗಿಷ್ಟು!

ಯಂತ್ರಕ್ಕೆ ಬಟ್ಟೆ ಮುಚ್ಚಿ, ಬಾಗಿಲಿಗೆ ಬೀಗ ಹಾಕಿ ಹೊರಟೆ. ಇವರು ನಾಲ್ಕು ಬೀದಿಯಾಚೆ ಏಳು ಮಹಡಿಯ ಕಚೇರಿಯಲ್ಲಿ ಕೆಲಸಕ್ಕಿದ್ದರು. ದಾರಿಯುದ್ದಕ್ಕೂ ಜಗಳದ ಮಾತು ಜೋಡಿಸಿಕೊಂಡು ಹೋದೆ. ಲಿಫ್ಟು ಕೆಟ್ಟಿದೆಯಲ್ಲ, ಮೂರು ಮಹಡಿ ಹತ್ತಿದೆ. ಲಿಫ್ಟಿನ ಬಾಗಿಲು ತೆರೆದಿತ್ತು, ಅಡ್ಡಕ್ಕೆ ಹಳದಿ ಪಟ್ಟಿ. ಲಿಫ್ಟಿನ ಮೇಲ್ಭಾಗದಲ್ಲಿ ಕೂತು ಇವರು ತಂತಿಯ ಹಗ್ಗ ಒರೆಸುತ್ತಿದ್ದರು.

"ಏನೇ? ಏನಾಯ್ತು?"

"ನಿಮ್ಮ ಹುಟ್ಟಿದ ದಿನ ಯಾವಾಗ್ರೀ?"

ಇವರ ಮುಖ ನೋಡಬೇಕಿತ್ತು. ಸ್ವಿಚ್ಚು ಆರಿಸಿ ಮೆಲ್ಲಗೆ ಹೊರಗೆ ಬಂದರು. ನಾನು ಫೋನು ಮುಂದೆ ಹಿಡಿದೆ. ಓದಿದರು. ಇನ್ನೊಂದು ಸಲ ಓದಿದರು. ಸಾಮಾನಿನ ಪೆಟ್ಟಿಗೆಯ ಮೇಲೆ ಕೂತುಬಿಟ್ಟರು.

"ಹತ್ತೊಂಬತ್ತು ವರ್ಷ," ನಾನು ಶುರು ಮಾಡಿದೆ, "ಹತ್ತೊಂಬತ್ತು ಶರಟು ಹೊಲಿದೆ. ತಪ್ಪು ದಿನಕ್ಕೆ! ಒಂದು ಮಾತು ಹೇಳೋಕೆ ಬಾಯಿ ಬರ್ಲಿಲ್ವಾ?"

"ಅದು ಸ್ಕೂಲಲ್ಲಿ ಬರೆಸಿದ ದಿನ ಕಣೇ. ಎಲ್ಲ ಕಾಗದದಲ್ಲೂ ಅದೇ ಇದೆ. ನನ್ನನ್ನ ಸ್ಕೂಲಿಗೆ ಕಳಿಸೋ ವರ್ಷ ಅವನು ಅತ್ತು ಅತ್ತು ಜ್ವರ ಬರಿಸ್ಕೊಂಡ. ಅಣ್ಣ ಇಲ್ದೆ ಇರಲ್ಲ ಅಂತ. ಅಪ್ಪ ನನ್ನನ್ನ ಒಂದು ವರ್ಷ ಮನೇಲೇ ಇಟ್ಕೊಂಡ್ರು, ಆಮೇಲೆ ವಯಸ್ಸು ಹತ್ತು ತಿಂಗಳು ಕಮ್ಮಿ ಬರೆಸಿ ಇಬ್ಬರನ್ನೂ ಒಂದೇ ಕ್ಲಾಸಿಗೆ ಸೇರಿಸಿದ್ರು. ಯಾರಿಗೂ ಹೇಳ್ಬೇಡಿ, ಗೊತ್ತಾದ್ರೆ ಬೇರೆ ಬೇರೆ ಕೂರಿಸ್ತಾರೆ ಅಂದಿದ್ರು."

"ಅದಕ್ಕೆ ಹೆಂಡತಿಗೂ ಹೇಳಲಿಲ್ಲ?"

"ಹೇಳಲ್ಲ ಅಂತ ಅವನ ಕೈ ಮೇಲೆ ಕೈ ಇಟ್ಟಿದ್ದೆ," ಅಂದರು, ಐವತ್ತು ವರ್ಷದ ಗಂಡಸು.

ಐದು ವರ್ಷದ ಪೋರನೊಬ್ಬನ ಮೇಲೆ ಹೊಟ್ಟೆಕಿಚ್ಚುಪಟ್ಟುಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕೂತೆ.

ಇವರು ಕೈ ಒರೆಸಿಕೊಂಡು ಬರೆಯತೊಡಗಿದರು. ಉದ್ದಕ್ಕೆ ಬರೆದರು. ನಾನು ಭುಜದ ಮೇಲಿಂದ ಇಣುಕಿದೆ. "ನಾನು ನಿನಗೋಸ್ಕರ ಒಂದು ವರ್ಷ ಕಾದೆ, ನೀನು ನನಗೋಸ್ಕರ ಎರಡು ಗಂಟೆ ಕಾಯಲಿಲ್ಲ" ಅಂತ ಶುರುವಾಗಿ ಆಸ್ಪತ್ರೆ, ಅಮ್ಮ, ಹನ್ನೊಂದು ಫೋನು, ಎಲ್ಲವೂ ಇತ್ತು.

ಕಳಿಸಲು ಬಿಟ್ಟರೆ ಆಯಿತು, ತಮ್ಮನನ್ನು ದೂರ ಮಾಡುವ ಆ ಒಂದು ಬೆರಳಿನ ಕೆಲಸವನ್ನು ಇವರೇ ಮಾಡಿ ಮುಗಿಸುತ್ತಿದ್ದರು. ನನ್ನ ಕೈಗೆ ಕೆಸರೂ ಇಲ್ಲ. ನಾನು ಸುಮ್ಮನಿರಬಹುದಿತ್ತು.

"ಅಳಿಸಿ ಅದನ್ನ," ಅಂದೆ.

"ನಿಜ ತಾನೇ?"

"ನಿಜಾನೇ. ಅವನು ಒಂದು ಮಾತು ತೆಗೆದಿದ್ದಾನಾ ಅದರ ಬಗ್ಗೆ? ಕ್ಷಮಿಸು ಅಂದಿದ್ದಾನಾ, ನೀನೇ ತಪ್ಪು ಅಂದಿದ್ದಾನಾ? ಚೆನ್ನಾಗಿರು ಅಂದಿದ್ದಾನೆ. ಅಷ್ಟಕ್ಕೆ ಅಷ್ಟೇ ಉತ್ತರ ಕೊಡಿ. ಮಿಕ್ಕಿದ್ದು ಎದುರು ಕೂತಾಗ. ಅವನು ತಿರುಗಿ ಏನಾದ್ರೂ ಬರೆಯೋ ಹಾಗೆ ಒಂದು ಸಣ್ಣ ಪ್ರಶ್ನೆ ಕೇಳಿ."

ಇವರು ಒಂದೊಂದೇ ಸಾಲು ಅಳಿಸಿದರು. ಕೊನೆಗೆ ಉಳಿದದ್ದು ಇಷ್ಟು: "ನಿನಗೊಬ್ಬನಿಗೇ ನೆನಪಿರೋದು. ಎಲ್ಲಿದ್ದೀಯ ಈಗ?" ಮೊದಲ ಸಾಲು ನನ್ನನ್ನು ಚುಚ್ಚಿತು. ಆದರೂ ಇರಲಿ ಅಂದೆ.

ಕಳಿಸಿದರು. ಹೋಗಲಿಲ್ಲ. ಸಣ್ಣ ಗಡಿಯಾರದ ಗುರುತು ತೋರಿಸುತ್ತ ನಿಂತಿತು. ಲಿಫ್ಟಿನ ಬಾವಿಯ ಪಕ್ಕ, ಸಿಗ್ನಲ್ ಎಲ್ಲಿಂದ ಬರಬೇಕು? ಇವರು ಎದ್ದು ಮೆಟ್ಟಿಲ ಕಿಟಕಿಯವರೆಗೆ ಹೋಗಿ ಕೈಯನ್ನು ಹೊರಗೆ ಚಾಚಿದರು. ಒಂದು ಗೆರೆ. ಎರಡು. ಎರಡೂ ಕೂಡಲೇ ನೀಲಿ. ಅವನು ಫೋನು ಕೆಳಗಿಟ್ಟೇ ಇರಲಿಲ್ಲ.

ಉತ್ತರ ಬಂತು: "ಆಗಿನಿಂದ ಬರೆದು ಬರೆದು ಅಳಿಸ್ತಿದ್ದೆಯಲ್ಲ, ಏನದು?"

ಇವರು ನನ್ನ ಕಡೆ ತಿರುಗಿದರು. ನಾನು ಕಿಟಕಿಯಾಚೆ ನೋಡಿದೆ.

"ಅದು ನಿನ್ನ ಅತ್ತಿಗೆ," ಅಂತ ಇವರು ಬರೆದರು. ಮಾನ ಕಳೆದರು.

ಸ್ವಲ್ಪ ಹೊತ್ತಿನ ಮೇಲೆ ಬಂತು: "ನೀಲಿಯಾಗಿ ಸುಮ್ಮನಿದ್ದಾಗ ನಂಬರ್ ಬ್ಲಾಕ್ ಮಾಡೋಕೆ ಹೋಗಿದ್ದೆ. ಟೈಪಿಂಗ್ ಅಂತ ಬಂತು, ತಡೆದೆ. ಮುಕ್ಕಾಲು ಗಂಟೆ ಅದನ್ನೇ ನೋಡ್ಕೊಂಡು ಕೂತಿದ್ದೀನಿ. ಸಂಜೆ ಬರಲಾ?"

ಇವರು ಮುಖ ಒರೆಸಿಕೊಂಡರು. ಗ್ರೀಸು ಕೆನ್ನೆಗೆ ಹತ್ತಿತು.

ಸಂಜೆ ಐದೂವರೆಗೆ ಬಂದ. ತೆಳ್ಳಗಾಗಿದ್ದ. ಬಾಗಿಲಲ್ಲೇ ನಿಂತು, "ಅವತ್ತು ನಾನು ಕಾಯಬೇಕಿತ್ತು ಕಣೋ ಅಣ್ಣ," ಅಂದ. ಇವರು, "ನಾನೂ ಒಂದು ಸಲ ಹೊರಗೆ ಬರಬೇಕಿತ್ತು, ಒಳಗೆ ಬಾ," ಅಂದರು. ಆರು ವರ್ಷದ ಜಗಳ ಅಷ್ಟರಲ್ಲಿ ಮುಗಿಯಿತು. ಇಷ್ಟಕ್ಕೇನಾ ಇಷ್ಟು ದಿನ!

ಅವನ ಮೈಮೇಲೆ ನಾನು ಎಂದೋ ಹೊಲಿದ ಶರಟು. ಕಾಲರು ಸವೆದು ಜಾಲರಿಯಾಗಿತ್ತು. "ಬಿಚ್ಚು ಅದನ್ನ, ನೋಡೋಕಾಗಲ್ಲ," ಅಂದೆ. "ನಿಮ್ಮ ಬಾಯಿ ಹಾಗೇ ಇದೆ ಅತ್ತಿಗೆ," ಅಂತ ಬಿಚ್ಚಿಕೊಟ್ಟು ಅಣ್ಣನ ತಿಳಿನೀಲಿ ಶರಟು ಹಾಕಿಕೊಂಡ. ನನ್ನ ಎರಡು ತಿಂಗಳ ಹಿಂದಿನ ಶರಟು!

ಚಹಾ ಕೊಟ್ಟು ಮುಂದಿನ ಕೋಣೆಗೆ ಬಂದೆ. ಕಾಲರಿನ ಹೊಲಿಗೆ ಬಿಚ್ಚಿ, ಸವೆದ ಮಗ್ಗುಲನ್ನು ಒಳಗೆ ತಿರುಗಿಸಿ ಪಿನ್ನು ಚುಚ್ಚಿದೆ. ಒಳಗಿಂದ ಆ ಹಳೆಯ ನಗು ಬಂತು, ಆರು ವರ್ಷ ನಾನು ಕೇಳದ ನಗು. ನನಗಾಗಿ ಒಂದು ಸಲವೂ ಬಾರದ್ದು. ಉರಿಯಿತು, ಚೆನ್ನಾಗಿಯೇ ಉರಿಯಿತು.

ಆಮೇಲೆ ಇವರು ದನಿ ತಗ್ಗಿಸಿದರು. "ಮಂಡಿ ನೋವು ಕಣೋ. ನಾಲ್ಕು ತಿಂಗಳಾಯ್ತು. ಇವತ್ತು ಏಣಿ ಇಳಿಯುವಾಗ ಕಾಲು ಕೈ ಕೊಡ್ತು. ಒಳಗೆ ಒಬ್ಬನೇ ಇರೋಕೆ ಭಯ ಆಗುತ್ತೆ."

ನಾಲ್ಕು ತಿಂಗಳು! ಒಂದೇ ಹಾಸಿಗೆ, ಒಂದೇ ಮನೆ, ನನಗೆ ಒಂದು ಮಾತಿಲ್ಲ. ಇವನು ಬಂದು ಅರ್ಧ ಗಂಟೆಯಾಗಿಲ್ಲ. ಪಿನ್ನು ಬೆರಳಿಗೆ ಚುಚ್ಚಿತು.

"ನಾಳೆಯಿಂದ ನಾನು ಬರ್ತೀನಿ, ನೀನು ಮೇಲಿರು, ಗುಂಡಿಗೆ ನಾನಿಳೀತೀನಿ," ಅಂದ ಅವನು.

ಆ ಮಾತು ಹೇಳಲು ನನ್ನಿಂದ ಆಗುತ್ತಿರಲಿಲ್ಲ. ಅದು ನನಗೆ ಗೊತ್ತು. ಗೊತ್ತಿದ್ದೂ ಕಣ್ಣು ತುಂಬಿತು. ಶರಟನ್ನು ಮಡಿಲಲ್ಲಿಟ್ಟುಕೊಂಡು ಒಳಗೆ ಕೇಳುವ ಹಾಗೆ ಕೂಗಿದೆ: "ಸ್ವಲ್ಪ ಜೋರಾಗಿ ಹೇಳ್ರೀ, ನನಗೂ ಕೇಳಿಸಲಿ!"